ಪ್ರಶಂಸೆಗೆ ಪ್ರಮಾಣ

ಬೆಂಗಳೂರಿನ ಪ್ರವಾಸ ಸಂಸ್ಥೆಯೊಂದಕ್ಕಾಗಿ, ಫ್ರಾನ್ಸಿನ ನಾರ್ಮಂಡಿ ತೀರದಲ್ಲಿರುವ ಮೋಂ ಸ್ಯಾಂ ಮಿಶೆಲ್ ದ್ವೀಪದ ಪರಿಚಯ ಪುಸ್ತಿಕೆಯನ್ನು ಫ್ರೆಂಚಿನಿಂದ ಕನ್ನಡಿಸುತ್ತಿದ್ದ ಅನುವಾದಕನಿಗೂ, ಆ ಕರಡನ್ನು ತಿದ್ದಿಕೊಡಲೊಪ್ಪಿದ ಹಿರಿಯರೊಬ್ಬರಿಗೂ ನಡೆದ ಸಂವಾದ.

ಅನುವಾದಕ: ತಮ್ಮ ಅಪ್ಪಣೆಯಂತೆ ಮೊದಲನೆಯ ಪುಟವನ್ನು ಒಂದು ಪದವನ್ನೂ ಬಿಡದೆ ಕನ್ನಡಕ್ಕೆ ತಂದಿದ್ದೇನೆ. ಓದುತ್ತೇನೆ, ಕೇಳೋಣವಾಗಲಿ. “ಪಾಶ್ಚಾತ್ಯ ಜಗತ್ತಿನ ಪರಮಾದ್ಭುತವೂ, ವಿಶ್ವದಲ್ಲಿಯೇ ಅದ್ವಿತೀಯವೂ, ಉಸಿರನ್ನು ಕತ್ತರಿಸುವಂಥ ಸೌಂದರ್ಯದಿಂದ ಕೂಡಿದುದೂ ಆದ ಈ ಅಪೂರ್ವ ರತ್ನವು, ಯೂರೋಪಿನ ಅತ್ಯಂತ ಮಹತ್ತಾದ ಉಬ್ಬರವಿಳಿತಗಳ ರಂಗಸ್ಥಳವಾದ ಮಾಂತ್ರಿಕ ಕೊಲ್ಲಿಯ ಮಧ್ಯದಲ್ಲಿ ವಿರಾಜಿಸುತ್ತ, ಕಾಲಾತೀತವೂ ಅವಿಸ್ಮರಣೀಯವೂ ಆದ ಅನುಭವವನ್ನು ನೀಡುವ ಅನಿವಾರ್ಯ ತಾಣವಾಗಿದೆ.”

ಹಿರಿಯರು: ಇದರಲ್ಲಿ ದ್ವೀಪವೆಲ್ಲಿ ಬಂತು?

ಅನುವಾದಕ: ಎರಡನೆಯ ಪುಟದಲ್ಲಿ ಬರುತ್ತದೆ.

ಹಿರಿಯರು: ಎರಡನೆಯ ಪುಟದವರೆಗೆ ಓದುಗನು ತಾಳಿದರೆ ತಾನೆ? ಅದಿರಲಿ, “ಅನಿವಾರ್ಯ ತಾಣ” ಎಂದಿರಿ. ಕನ್ನಡದಲ್ಲಿ ಅನಿವಾರ್ಯವಾದ ತಾಣವೆಂಬುದು ಒಂದೇ. ಅಲ್ಲಿಗೆ ಯಾರೂ ಮುಂಗಡ ಟಿಕೆಟು ಕೊಂಡು ಹೋಗುವುದಿಲ್ಲ. ಫ್ರೆಂಚರು ಈ ಮಾತನ್ನು ಪ್ರತಿಯೊಂದು ಪುಸ್ತಿಕೆಯಲ್ಲಿಯೂ ಬಳಸಿ ಬಳಸಿ ಸವೆಸಿರುವುದರಿಂದ ಅವರ ಕಿವಿಗೆ ಅದು “ತಪ್ಪಿಸಬೇಡಿ” ಎಂಬಷ್ಟಕ್ಕಿಂತ ಹೆಚ್ಚಾಗಿ ಕೇಳಿಸುವುದೇ ಇಲ್ಲ. ಸವೆದ ನಾಣ್ಯವನ್ನು ನೀವು ಹೊಸದಾಗಿ ಅಚ್ಚುಹಾಕಿ, ಪೂರ್ಣ ಬೆಲೆಗೆ ಚಲಾವಣೆ ಮಾಡಿದಂತಾಯಿತು.

ಅನುವಾದಕ: ನನ್ನ ಸಂಶಯವೂ ಅಲ್ಲಿಯೇ ಇದೆ. ಈ ವಿಶೇಷಣಗಳನ್ನು ತಗ್ಗಿಸಬೇಕೆಂಬುದು ನನಗೂ ತೋರುತ್ತದೆ. ಆದರೆ ತಗ್ಗಿಸುವ ಅಧಿಕಾರವನ್ನು ನನಗೆ ಕೊಟ್ಟವರಾರು? ಪುಸ್ತಿಕೆ ಬರೆದವನು ಹೊಗಳಲೆಂದೇ ಬರೆದನು, ಅದನ್ನು ಅಚ್ಚುಮಾಡಿಸಿದವನು ಹೊಗಳಿಕೆಗಾಗಿಯೇ ಹಣ ಕೊಟ್ಟನು. ಅಲ್ಲದೆ ನಮ್ಮ ಭಾಷೆಗೆ ಅತಿಶಯೋಕ್ತಿ ಹೊಸದೇನೂ ಅಲ್ಲವಷ್ಟೆ. ದಂಡಿಯು ಅದನ್ನು ಅಲಂಕಾರಗಳಲ್ಲಿ ಉತ್ತಮವಾದುದೆಂದನು. ನಮ್ಮ ಶಾಸನಗಳಲ್ಲಿ ಒಬ್ಬ ಸಾಮಂತನ ಹೆಸರು ಬರುವುದಕ್ಕೆ ಮುಂಚೆ ಅವನ ಬಿರುದುಗಳೇ ನಾಲ್ಕು ಸಾಲು ಹಿಡಿಯುತ್ತವೆ. ಹೀಗಿರಲು, ಫ್ರೆಂಚಿನವನ ಅಲ್ಪಸ್ವಲ್ಪ ಉತ್ಸಾಹಕ್ಕೆ ನಾವೇಕೆ ಮುಖ ಸಿಂಡರಿಸಬೇಕು?

ಹಿರಿಯರು: ಒಳ್ಳೆಯ ಪ್ರಶ್ನೆ. ಕಾವ್ಯದಲ್ಲಿ ಅತಿಶಯೋಕ್ತಿಯು ಬಂದಾಗ, ಅದು ಅತಿಶಯೋಕ್ತಿಯೆಂಬುದು ಹೇಳುವವನಿಗೂ ಕೇಳುವವನಿಗೂ ಸಮಾನವಾಗಿ ತಿಳಿದಿರುತ್ತದೆ. ಶಾಸನದ ಬಿರುದುಗಳನ್ನು ಅಳತೆಗೋಲು ಹಿಡಿದು ಯಾರೂ ಪರೀಕ್ಷಿಸುವುದಿಲ್ಲ. ಪ್ರವಾಸದ ಪುಸ್ತಿಕೆಯನ್ನು ಓದುವವನಾದರೋ ಮಗನ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ಬಿಚ್ಚಬೇಕೇ ಬೇಡವೇ ಎಂದು ನಿಶ್ಚಯಿಸುವುದಕ್ಕಾಗಿ ಓದುತ್ತಾನೆ. ಅವನು ಕೇಳುವುದು ವಿಷಯವನ್ನು. ನಿಮ್ಮ ವಾಕ್ಯದಲ್ಲಿರುವ ಒಂಬತ್ತು ಹೊಗಳಿಕೆಗಳಲ್ಲಿ ಅವನು ನಂಬಬೇಕಾದದ್ದು ಯಾವುದು, ದಾಟಿ ಹೋಗಬೇಕಾದದ್ದು ಯಾವುದು ಎಂಬುದನ್ನು ತಿಳಿಯಲು ಅವನಿಗೆ ಮಾರ್ಗವೇ ಇಲ್ಲ. ಫ್ರೆಂಚ್ ಓದುಗನಿಗೆ ಅದು ಬಳಕೆಯಿಂದ ತಿಳಿಯುತ್ತದೆ. ಹೀಗೆ ಪದಕ್ಕೆ ಪದವನ್ನಿಟ್ಟು ತೂಗಿದ ಅನುವಾದವೇ ಮೂಲಕ್ಕಿಂತ ಹೆಚ್ಚು ಕೂಗುತ್ತದೆ. ನೀವು ತಗ್ಗಿಸಿದರೆ ಮೂಲದ ಧ್ವನಿಗೆ ಸಮನಾಗುತ್ತದೆ. ಅಧಿಕಾರದ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ.

ಅನುವಾದಕ: ಹಾಗಾದರೆ ಎಲ್ಲವನ್ನೂ ಹೊಡೆದುಹಾಕಿಬಿಡಲೆ?

ಹಿರಿಯರು: ಬೇಡ, ಬೇಡ. ಹಾಗೆ ಮಾಡಿದರೆ ಕೈಯಲ್ಲಿ ಉಳಿಯುವುದು ಜಿಲ್ಲಾ ಗೆಜೆಟಿಯರು. ಗೆಜೆಟಿಯರನ್ನು ಓದಿ ಯಾರೂ ಊರು ಬಿಟ್ಟು ಹೊರಟದ್ದಿಲ್ಲ. ಒಂದೊಂದು ಹೊಗಳಿಕೆಯನ್ನೂ ಎದುರಿಗೆ ನಿಲ್ಲಿಸಿ, “ನಿನಗೆ ಪ್ರಮಾಣವೇನು?” ಎಂದು ಕೇಳಿ. ಮೊದಲನೆಯದನ್ನೇ ತೆಗೆದುಕೊಳ್ಳೋಣ. “ಪರಮಾದ್ಭುತ” ಎಂಬಲ್ಲಿ ಮೂಲದ ಪದವೇನು?

ಅನುವಾದಕ: “ಮೆರ್ವೇಯ್”. ಅದ್ಭುತವೆಂಬುದೇ ಅದರ ಅರ್ಥ.

ಹಿರಿಯರು: ಮೊದಲ ಪುಟದಲ್ಲಿ ಅದು ಅದ್ಭುತವೆಂದೇ ಇರಲಿ, ತೆಗೆದುಹಾಕುವುದೂ ಸುಲಭ. ಆದರೆ ಮೂರನೆಯ ಪುಟದಲ್ಲಿ ಅದೇ ಪದ ದೊಡ್ಡಕ್ಷರದಿಂದ ಆರಂಭವಾಗಿ ಬಂದಿರುವುದನ್ನು ಗಮನಿಸಿದಿರೋ? ಅಲ್ಲಿ ಅದು ಹೊಗಳಿಕೆಯಲ್ಲ, ಹೆಸರು. ಬಂಡೆಯ ಉತ್ತರದ ಮಗ್ಗುಲಲ್ಲಿ, 1204ರ ಬೆಂಕಿಯ ಅನಾಹುತದ ತರುವಾಯ, ಫಿಲಿಪ್ ಆಗಸ್ಟಸ್ ದೊರೆಯ ದ್ರವ್ಯಸಹಾಯದಿಂದ 1211ರಲ್ಲಿ ಪ್ರಾರಂಭಿಸಿ 1228ರ ಹೊತ್ತಿಗೆ ಮುಗಿಸಿದ ಗಾಥಿಕ್ ಶೈಲಿಯ ಕಟ್ಟಡಕ್ಕೆ “ಲಾ ಮೆರ್ವೇಯ್” ಎಂದೇ ಹೆಸರು. ಕೆಳಗಡೆ ಬಡವರಿಗೆ ಅನ್ನವಿಡುತ್ತಿದ್ದ ಅಂಕಣವೂ ಉಗ್ರಾಣವೂ, ನಡುವೆ ಅತಿಥಿಗಳ ಶಾಲೆಯೂ ಸನ್ಯಾಸಿಗಳು ಓದುಬರೆಹ ನಡೆಸುತ್ತಿದ್ದ ಕಂಬಗಳ ಸಭಾಂಗಣವೂ, ಮೇಲೆ ಭೋಜನಶಾಲೆಯೂ ಕೈಸಾಲೆಯ ಅಂಗಳವೂ, ಹೀಗೆ ಮೂರು ಅಂತಸ್ತುಗಳು ಕಡಿದಾದ ಬಂಡೆಗೆ ಒರಗಿ ನಿಂತಿವೆ. ಮೂರನೆಯ ಪುಟದಲ್ಲಿ ನೀವೇನು ಬರೆದಿದ್ದೀರಿ?

ಅನುವಾದಕ: “ಆ ಮಹಾದ್ಭುತದ ಮೂರು ಅಂತಸ್ತುಗಳನ್ನು ನೋಡಿ ಧನ್ಯರಾಗಿರಿ” ಎಂದು.

ಹಿರಿಯರು: ಓದುಗನು ಇಡೀ ದ್ವೀಪಕ್ಕೆ ಮೂರು ಅಂತಸ್ತುಗಳಿವೆಯೆಂದು ತಿಳಿದಾನು. “ಮೆರ್ವೇಯ್” ಎಂದು ಹೆಸರನ್ನು ಹಾಗೆಯೇ ಇಟ್ಟು, ಅದ್ಭುತವೆಂಬ ಅರ್ಥವನ್ನು ಒಮ್ಮೆ ಹೇಳಿ ಮುಂದುವರಿಯಿರಿ. ಕೊನೆಯ ಪುಟದಲ್ಲಿ ಬಾರ್ಫ್ಲರ್ ಎಂಬ ಬಂದರಿನ ಹಳ್ಳಿಯ ಮಾತು ಬರುವಲ್ಲಿಯೂ ಇದೇ ಬಗೆಯ ತೊಡಕಿದೆ. “ಫ್ರಾನ್ಸಿನ ಅತ್ಯಂತ ಸುಂದರ ಹಳ್ಳಿಗಳಲ್ಲಿ ಒಂದು” ಎಂದು ಮೂಲದವನು ಹೇಳಿದ್ದು ತನ್ನ ಮೆಚ್ಚುಗೆಯನ್ನಲ್ಲ. ಆ ಹೆಸರಿನದೇ ಒಂದು ಸಂಘ 1982ರಲ್ಲಿ ಸ್ಥಾಪಿತವಾಯಿತು. ಜನಸಂಖ್ಯೆ ಎರಡು ಸಾವಿರವನ್ನು ಮೀರದ, ಸರ್ಕಾರದ ರಕ್ಷಣೆಗೊಳಪಟ್ಟ ಕಟ್ಟಡವೋ ಸ್ಥಳವೋ ಕಡೇಪಕ್ಷ ಎರಡಾದರೂ ಇರುವ ಹಳ್ಳಿಗಳನ್ನು ಮಾತ್ರ ಅದು ಪರಿಶೀಲನೆಗೆ ತೆಗೆದುಕೊಳ್ಳುತ್ತದೆ. ಅದನ್ನು ನೀವು “ಮನಮೋಹಕ ಹಳ್ಳಿ” ಎಂದು ತಗ್ಗಿಸಿದರೆ ಒಂದು ಸಂಗತಿಯನ್ನು ಅಳಿಸಿದಂತಾಗುತ್ತದೆ. “ಸುಂದರ ಗ್ರಾಮಗಳ ಸಂಘವು ತನ್ನ ಪಟ್ಟಿಗೆ ಸೇರಿಸಿಕೊಂಡ ಹಳ್ಳಿ” ಎಂದರೆ ಹೊಗಳಿದವರು ಯಾರೆಂಬುದು ಓದುಗನಿಗೆ ತಿಳಿಯುತ್ತದೆ. ಹೊಗಳಿಕೆಯ ಭಾರ ನಿಮ್ಮ ತಲೆಯ ಮೇಲಿರುವುದಿಲ್ಲ.

ಅನುವಾದಕ: “ಅತ್ಯಂತ” ಎಂಬ ಪದವೇ ನನ್ನನ್ನು ಕಾಡುತ್ತಿದೆ. ಫ್ರೆಂಚಿನಲ್ಲಿ “ಬಹಳ ಎತ್ತರ”ವೂ “ಎಲ್ಲಕ್ಕಿಂತ ಎತ್ತರ”ವೂ ಬೇರೆ ಬೇರೆ ರೂಪಗಳು, ತಪ್ಪುವುದಕ್ಕೆ ಆಸ್ಪದವಿಲ್ಲ. ನಾನು ಎರಡಕ್ಕೂ “ಅತ್ಯಂತ ಎತ್ತರ” ಎಂದೇ ಬರೆದಿದ್ದೇನೆಂಬುದು ನಿನ್ನೆ ರಾತ್ರಿ ಕರಡನ್ನು ಓದುವಾಗ ಕಣ್ಣಿಗೆ ಬಿತ್ತು.

ಹಿರಿಯರು: ಅದು ನಿಮ್ಮೊಬ್ಬರ ಪಾಡಲ್ಲ, ವೃತ್ತಪತ್ರಿಕೆಗಳು ಆ ಪದವನ್ನು ಎರಡು ದೋಣಿಯಲ್ಲಿಯೂ ಕಾಲಿಡಿಸಿಬಿಟ್ಟಿವೆ. ಸ್ಪರ್ಧೆಯ ಮಾತಾದರೆ “ಎಲ್ಲಕ್ಕಿಂತ” ಎಂದೂ, ಸ್ಪರ್ಧೆಯಿಲ್ಲದಿದ್ದರೆ “ಬಹಳ” ಎಂದೂ ಬರೆದು, “ಅತ್ಯಂತ”ಕ್ಕೆ ಈ ಪುಸ್ತಿಕೆಯ ಮಟ್ಟಿಗಾದರೂ ರಜೆ ಕೊಡಿ. “ಎಲ್ಲಕ್ಕಿಂತ” ಎಂದು ಬರೆಯುವಾಗ ಲೇಖನಿ ತಾನಾಗಿಯೇ ಒಂದು ಗಳಿಗೆ ತಡೆಯುತ್ತದೆ, ಯಾವುದೆಲ್ಲಕ್ಕಿಂತ ಎಂಬ ಪ್ರಶ್ನೆ ಏಳುತ್ತದೆ. ನಿಮ್ಮ ವಾಕ್ಯದ ಉಬ್ಬರವಿಳಿತವನ್ನೇ ನೋಡಿ. ಯೂರೋಪಿನಲ್ಲಿ ಎಲ್ಲಕ್ಕಿಂತ ದೊಡ್ಡದೆನ್ನುವುದು ನಿಲ್ಲುತ್ತದೆಯೆ?

ಅನುವಾದಕ: ಹುಡುಕಿ ನೋಡಿದೆ. ದೊಡ್ಡ ಉಬ್ಬರದ ದಿನ ಈ ಕೊಲ್ಲಿಯಲ್ಲಿ ನೀರಿನ ಏರಿಳಿತದ ಅಂತರ ಸುಮಾರು 14 ಮೀಟರುಗಳಷ್ಟಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ಸೆವರ್ನ್ ನದಿಯ ಅಳಿವೆಯಲ್ಲಿಯೂ ಹೆಚ್ಚುಕಡಮೆ ಅಷ್ಟೇ ಆಗುತ್ತದೆ; ಅಲ್ಲಿಯವರೂ ತಮ್ಮದೇ ದೊಡ್ಡದೆನ್ನುತ್ತಾರೆ.

ಹಿರಿಯರು: ಹಾಗಿದ್ದರೆ ಸಂಖ್ಯೆಯನ್ನು ಹೇಳಿ, ಪದವಿಯನ್ನು ಬಿಡಿ. “ಇಲ್ಲಿ ಸಮುದ್ರವು ಕೆಲವು ದಿನಗಳಲ್ಲಿ 14 ಮೀಟರಿನಷ್ಟು ಏರಿಳಿಯುತ್ತದೆ, ಯೂರೋಪಿನಲ್ಲಿ ಇಂಥ ಏರಿಳಿತ ಕಾಣುವ ಕಡೆಗಳು ವಿರಳ.” ನಾಲ್ಕಂತಸ್ತಿನ ಮನೆ ಮುಳುಗುವಷ್ಟು ನೀರೆಂಬುದನ್ನು ಓದುಗನು ತಾನೇ ಎಣಿಸಿಕೊಳ್ಳುತ್ತಾನೆ. ಅವನ ಮನಸ್ಸಿನಲ್ಲಿ ಏಳುವ ಬೆರಗು ಅವನದೇ ಆದ್ದರಿಂದ ಅದನ್ನು ಅವನು ಅನುಮಾನಿಸುವುದಿಲ್ಲ.

ಅನುವಾದಕ: ಅಲ್ಲಿಯೇ ಮುಂದಿನ ವಾಕ್ಯವನ್ನೂ ನೋಡಬೇಕು. ನೀರು “ನಾಗಾಲೋಟದ ಕುದುರೆಯ ವೇಗದಿಂದ” ಏರಿಬರುತ್ತದೆಂದು ಮೂಲದಲ್ಲಿದೆ. ಇದಕ್ಕೂ ಪ್ರಮಾಣ ಕೇಳಿದೆ. ಸಪಾಟಾದ ಮರಳಿನ ಮೇಲೆ ನೀರು ಮುಂದುವರಿಯುವುದು ನಡೆಯುವ ಮನುಷ್ಯನ ವೇಗದಲ್ಲಿ, ಬಹಳವೆಂದರೆ ಬಿರುನಡಿಗೆಯಲ್ಲಿ. ಕುದುರೆಯನ್ನು ಅಲ್ಲಿಂದ ಓಡಿಸಿ, “ನೀರು ನಿಧಾನವಾಗಿ ಏರುವ ನೋಟವು ರಮ್ಯವಾಗಿರುತ್ತದೆ” ಎಂದು ಬರೆದೆ.

ಹಿರಿಯರು: ಪ್ರಮಾಣಕ್ಕೆ ಸರಿಯಾಗಿದೆಯಲ್ಲ.

ಅನುವಾದಕ: ಬರೆದ ಮೇಲೆ ನನಗೆ ಭಯವಾಯಿತು. ಆ ಕುದುರೆಯನ್ನು ಜಾಹೀರಾತಿನವನು ತಂದು ಕಟ್ಟಿದ್ದಲ್ಲ. ಕಾಲ್ನಡಿಗೆಯಲ್ಲಿ ಕೊಲ್ಲಿಯನ್ನು ದಾಟುವವರಿಗೆ ತಲೆಮಾರುಗಳಿಂದ ಹೇಳುತ್ತ ಬಂದ ಮಾತು. ಅಲ್ಲಿಯ ನೀರು ಎದುರಿನಿಂದಷ್ಟೇ ಬರುವುದಿಲ್ಲ. ಮರಳಿನ ನಡುವಿನ ಕಾಲುವೆಗಳೊಳಗೆ ಮೊದಲು ತುಂಬಿಕೊಂಡು ಹಿಂದುಗಡೆಯಿಂದ ಬಳಸಿಬಿಡುತ್ತದೆ. ಕಾಲನ್ನು ಹಿಡಿದು ಬಿಡದ ಹುಸಿಮರಳಿದೆ, ಇದ್ದಕ್ಕಿದ್ದಂತೆ ಮಂಜು ಇಳಿಯುತ್ತದೆ. ವೇಗ ನಡಿಗೆಯದೇ ಆದರೂ, ತಾನು ಎತ್ತ ನಡೆಯಬೇಕೆಂಬುದು ತಿಳಿಯದವನಿಗೆ ಅದು ಕುದುರೆಯ ವೇಗವೇ ಸರಿ. ನಾನು ಉತ್ಪ್ರೇಕ್ಷೆಯನ್ನು ತೆಗೆದಾಗ ಅದರೊಳಗಿದ್ದ ಎಚ್ಚರಿಕೆಯೂ ಹೊರಟುಹೋಯಿತು. “ನಿಧಾನ”, “ರಮ್ಯ” ಎಂದು ಓದಿದ ನಮ್ಮವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಮಕ್ಕಳೊಡನೆ ಮರಳಿಗೆ ಇಳಿದರೆ ಗತಿಯೇನು?

ಹಿರಿಯರು: ನಾನು ಇದನ್ನು ಯೋಚಿಸಿರಲಿಲ್ಲ. ಹಾಗಾದರೆ ಏನು ಬರೆಯುತ್ತೀರಿ?

ಅನುವಾದಕ: ಹೀಗೆ ತಿದ್ದಿದ್ದೇನೆ: “ನೀರು ನಡಿಗೆಯ ವೇಗದಲ್ಲಿ ಬಂದರೂ ನಾಲ್ಕೂ ಕಡೆಯಿಂದ ಸುತ್ತುವರಿಯುವುದರಿಂದ, ಅದು ಕುದುರೆಯಂತೆ ಓಡಿಬರುತ್ತದೆಂಬ ಮಾತು ಇಲ್ಲಿ ರೂಢಿಯಲ್ಲಿದೆ. ಪರಿಣತನಾದ ಮಾರ್ಗದರ್ಶಿಯಿಲ್ಲದೆ ಯಾರೂ ಮರಳಿಗೆ ಇಳಿಯಕೂಡದು.” ಉತ್ಪ್ರೇಕ್ಷೆಯನ್ನು ಊರವರ ಬಾಯಿಯಲ್ಲಿ ಉಳಿಸಿ, ಅದರ ಕಾರಣವನ್ನು ಪಕ್ಕದಲ್ಲಿಟ್ಟೆ.

ಹಿರಿಯರು: ಇದಕ್ಕಿಂತ ಚೆನ್ನಾಗಿ ನಾನು ತಿದ್ದಲಾರೆ. ಇನ್ನು ಆ “ಮಾಂತ್ರಿಕ”, “ಕಾಲಾತೀತ”, “ಅಪೂರ್ವ ರತ್ನ”ಗಳ ವಿಷಯ. ಇವು ಹೆಸರುಗಳೂ ಅಲ್ಲ, ಅಳೆಯತಕ್ಕವೂ ಅಲ್ಲ, ಎಚ್ಚರಿಕೆಯನ್ನೂ ಹೊತ್ತಿಲ್ಲ. ಬರೆದವನು ಏನನ್ನೋ ನೋಡಿ ಬೆರಗಾದನೆಂಬುದಕ್ಕೆ ಮಾತ್ರ ಸಾಕ್ಷಿ. ಅವನ್ನು ತೆಗೆದುಹಾಕಿ ಅಲ್ಲಿ “ನಯನಮನೋಹರ”, “ರುದ್ರರಮಣೀಯ”, “ಭೂಲೋಕದ ಸ್ವರ್ಗ” ಎಂದು ನಮ್ಮ ಉಗ್ರಾಣದ ಸರಕನ್ನು ತುಂಬುವ ಚಪಲ ನಿಮಗಾಗದಿರಲಿ. ಆ ಪದಗಳು ಜೋಗದಿಂದ ಹಿಡಿದು ಊರ ಕೆರೆಯ ಏರಿಯವರೆಗೆ ದುಡಿದು ದಣಿದಿವೆ. ಬೆರಗಿನ ಕಾರಣ ಮೂಲದಲ್ಲಿಯೇ ಎಲ್ಲಿಯಾದರೂ ಅಡಗಿದೆಯೋ ಎಂದು ಹುಡುಕಿ. ಭೋಜನಶಾಲೆಯನ್ನು ಕುರಿತು ಏನಿದೆ?

ಅನುವಾದಕ: “ಗಂಧರ್ವಲೋಕದ ಬೆಳಕಿನಿಂದ ತೊಳಗುವ ಅಸಾಧಾರಣ ಮಂದಿರ” ಎಂಬಷ್ಟೇ ಇದೆ.

ಹಿರಿಯರು: ಆ ಬೆಳಕಿನ ಗುಟ್ಟು ಹೀಗೆ. ಆ ಕೋಣೆಯ ಉದ್ದಕ್ಕೂ ಇರುವ ಕಿಟಕಿಗಳು ಬಹಳ ಕಿರಿದು, ದಪ್ಪ ಗೋಡೆಯ ಆಳದಲ್ಲಿ ಹುದುಗಿವೆ. ಬಾಗಿಲಲ್ಲಿ ನಿಂತು ನೋಡಿದರೆ ಎರಡು ಮಗ್ಗುಲಲ್ಲಿಯೂ ಗೋಡೆಯೇ ಕಾಣುತ್ತದೆ, ಒಂದು ಕಿಟಕಿಯೂ ಕಾಣುವುದಿಲ್ಲ. ಆದರೂ ಕೋಣೆಯೆಲ್ಲ ಬೆಳಕು. ಮುಂದೆ ನಡೆದಂತೆಲ್ಲ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಇಷ್ಟನ್ನು ಬರೆಯಿರಿ, ಗಂಧರ್ವರು ತಮ್ಮ ಲೋಕದಲ್ಲಿಯೇ ಇರಲಿ. ಮೂಲದವನು ವಿಶೇಷಣಕ್ಕೆ ವ್ಯಯಮಾಡಿದ ಸ್ಥಳವನ್ನು ನೀವು ವಸ್ತುವಿಗೆ ಕೊಟ್ಟಂತಾಗುತ್ತದೆ. ಪುಟದ ಅಳತೆಯೂ ಮೀರುವುದಿಲ್ಲ.

ಅನುವಾದಕ: ಮೂಲದಲ್ಲಿಲ್ಲದುದನ್ನು ಸೇರಿಸಿದಂತಾಗಲಿಲ್ಲವೆ?

ಹಿರಿಯರು: ಆಯಿತು. ಕಾದಂಬರಿಯಲ್ಲಿ ಹಾಗೆ ಮಾಡಿದ್ದರೆ ನಾನೇ ನಿಮ್ಮನ್ನು ತಡೆಯುತ್ತಿದ್ದೆ. ಈ ಪುಸ್ತಿಕೆಯ ಪ್ರಯೋಜನ ಯಾತ್ರಿಕನನ್ನು ಆ ಬಾಗಿಲಿಗೆ ಕರೆದೊಯ್ಯುವುದು. ಆ ಪ್ರಯೋಜನ ಸಿದ್ಧಿಸುವಂತಿದ್ದರೆ, ಸೇರಿಸಿದ್ದು ನಿಜವೂ ಆಗಿದ್ದರೆ, ಅಷ್ಟು ಸ್ವಾತಂತ್ರ್ಯ ಸಲ್ಲುತ್ತದೆಂದು ನನ್ನ ಮತ. ಒಪ್ಪದವರೂ ಇದ್ದಾರೆ.

ಅನುವಾದಕ: ಪ್ರವಾಸ ಸಂಸ್ಥೆಯವರೇ ಒಪ್ಪದಿದ್ದರೆ? ನನ್ನ ಕನ್ನಡವನ್ನು ಅವರು ಇನ್ನೊಬ್ಬರಿಂದ ಮತ್ತೆ ಫ್ರೆಂಚಿಗೆ ಮಾಡಿಸಿ, ಮೂಲದವರಿಗೆ ತೋರಿಸುವ ವಾಡಿಕೆಯಿದೆ. “ನಮ್ಮ ‘ಅಸಾಧಾರಣ’ವೆಲ್ಲಿ ಹೋಯಿತು?” ಎಂದು ಅಲ್ಲಿಂದ ಖಂಡಿತವಾಗಿ ಕಾಗದ ಬರುತ್ತದೆ.

ಹಿರಿಯರು: ಬರುವುದಕ್ಕೆ ಮುಂಚೆಯೇ ನೀವು ಕಾಗದ ಕಳುಹಿಸಿ. ಕರಡಿನೊಡನೆ ಒಂದು ಹಾಳೆಯಲ್ಲಿ, ಯಾವ ಹೊಗಳಿಕೆಯನ್ನು ತೆಗೆದಿರಿ, ಅದರ ಸ್ಥಾನದಲ್ಲಿ ಏನನ್ನಿಟ್ಟಿರಿ, ಯಾವುದು ಹೆಸರಾದ್ದರಿಂದ ಮುಟ್ಟಲಿಲ್ಲ ಎಂಬುದನ್ನು ಎದುರುಬದುರಾಗಿ ಬರೆಯಿರಿ. ಗುಟ್ಟಾಗಿ ತಗ್ಗಿಸಿದರೆ ಸೋಮಾರಿಯೆನ್ನುತ್ತಾರೆ, ಹೇಳಿ ತಗ್ಗಿಸಿದರೆ ಬಲ್ಲವನೆನ್ನುತ್ತಾರೆ. ಬೇಕಾದರೆ ಅವರದೇ ದೇಶದ ನಿದರ್ಶನವನ್ನು ಕೊಡಬಹುದು. ಮಿಷೆಲಿನ್ ಕಂಪನಿಯ ಹಸಿರು ಕೈಪಿಡಿಗಳಲ್ಲಿ ಮೂರು ನಕ್ಷತ್ರ ಬಂದರೆ “ಪ್ರಯಾಣಕ್ಕೆ ಯೋಗ್ಯ”, ಎರಡಕ್ಕೆ “ದಾರಿ ಬಿಟ್ಟು ಹೋಗಿ ನೋಡಬಹುದು”, ಒಂದಕ್ಕೆ “ಸ್ವಾರಸ್ಯವಾಗಿದೆ”, ಅಷ್ಟೆ. ಇಷ್ಟು ಬಿಗಿಯಾದ ಮಾತಿನಿಂದಲೇ ಆ ಕೈಪಿಡಿಗಳು ನಂಬಿಕೆಯನ್ನು ಗಳಿಸಿವೆ. ಫ್ರೆಂಚಿಗೆ ಸಂಯಮ ತಿಳಿಯದೆಂದು ನಾವು ಭಾವಿಸುವುದು ತಪ್ಪು. ಪುಸ್ತಿಕೆ ಬರೆಯುವವರು ಅದನ್ನು ಬಳಸುವುದಿಲ್ಲ.

ಅನುವಾದಕ: ಇನ್ನೊಂದು ಸಂದೇಹ. ನಾಲ್ಕನೆಯ ಪುಟದಲ್ಲಿ “ದೇವಾಲಯದೆಡೆಗಿನ ಅವಿಸ್ಮರಣೀಯ ಆರೋಹಣ”ವೆಂದೂ, ಅದಕ್ಕೆ ಮುಂಚೆ “ಮೌನವೇ ಮೂರ್ತಿವೆತ್ತ ಮಧ್ಯಯುಗದ ಬೀದಿ”ಯೆಂದೂ ಇದೆ. ಇವುಗಳಿಗೆ ಪ್ರಮಾಣ ಕೇಳಿದರೆ ವಿರುದ್ಧವಾದ ಉತ್ತರವೇ ಬರುತ್ತದೆ. ಆ ಊರಿನ ನಿವಾಸಿಗಳು ಕೆಲವೇ ಹತ್ತು ಮಂದಿ. ವರ್ಷಕ್ಕೆ ಬರುವ ಯಾತ್ರಿಕರು ಸುಮಾರು 25ರಿಂದ 30 ಲಕ್ಷ. ಬೇಸಗೆಯ ಮಧ್ಯಾಹ್ನ ಆ ಒಂದೇ ಬೀದಿಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡೇ ಏರಬೇಕು.

ಹಿರಿಯರು: ಮೌನ ಸುಳ್ಳಲ್ಲ, ಅದಕ್ಕೊಂದು ಹೊತ್ತಿದೆ. “ಹಗಲು ಸಂದಣಿಯಿರುತ್ತದೆ, ಬೆಳಗಿನ ಮೊದಲ ಬಂಡಿಗೆ ಹೋದವರಿಗೂ ದ್ವೀಪದಲ್ಲಿ ಇರುಳು ತಂಗಿದವರಿಗೂ ಬೀದಿ ಬರಿದಾಗಿ ದೊರೆಯುತ್ತದೆ” ಎಂದು ಷರತ್ತು ಸೇರಿಸಿದರೆ ಹೊಗಳಿಕೆಯು ಸತ್ಯವಾಗುತ್ತದೆ. ತಗ್ಗಿಸುವುದೆಂದರೆ ಬಹುಮಟ್ಟಿಗೆ ಇದೇ, ಯಾವಾಗ, ಎಲ್ಲಿಂದ, ಯಾರಿಗೆ ಎಂಬ ಷರತ್ತನ್ನು ಸೇರಿಸುವುದು. ಆರೋಹಣದ ಸಂಗತಿಯೇನು?

ಅನುವಾದಕ: ಮಠದವರೆಗೆ ಸುಮಾರು 350 ಮೆಟ್ಟಿಲುಗಳು. ಅದಕ್ಕೆ ಮುಂಚೆ, ವಾಹನಗಳನ್ನು ನಿಲ್ಲಿಸುವ ಸ್ಥಳದಿಂದ ದ್ವೀಪಕ್ಕೆ ಸುಮಾರು ಎರಡೂವರೆ ಕಿಲೋಮೀಟರು. 2014ರಲ್ಲಿ ತೆರೆದ ಸೇತುವೆಯ ಮೇಲೆ ನಡೆದೂ ಹೋಗಬಹುದು, ಅವರ ಬಂಡಿಯಲ್ಲಿ ಕುಳಿತೂ ಹೋಗಬಹುದು.

ಹಿರಿಯರು: ಈ ಪುಸ್ತಿಕೆಯನ್ನು ಕನ್ನಡದಲ್ಲಿ ಓದುವವರು ಯಾರು? ಬಹುಪಾಲು ನಿವೃತ್ತರಾದವರು, ಮಕ್ಕಳು ಕಳುಹಿಸಿದ ಹಣದಲ್ಲಿ ಹತ್ತು ಹನ್ನೆರಡು ಜನರ ತಂಡ ಕಟ್ಟಿಕೊಂಡು ಹೊರಟವರು. ಅವರಲ್ಲಿ ಅರ್ಧ ಮಂದಿಗೆ ಮಂಡಿನೋವು. “ಅವಿಸ್ಮರಣೀಯ ಆರೋಹಣ” ಎಂಬ ಮಾತು ಅವರಿಂದ ಆ ಮುನ್ನೂರೈವತ್ತು ಮೆಟ್ಟಿಲುಗಳನ್ನು ಮರೆಮಾಡುತ್ತದೆ. ಶ್ರವಣಬೆಳಗೊಳದ ದೊಡ್ಡ ಬೆಟ್ಟವನ್ನು ಹತ್ತಿದವರಿಗೆ ಅದರ ಅರ್ಧದಷ್ಟು ಎಂದು ಬರೆದರೆ ಸಾಕು, ಹತ್ತುವುದೋ ಕೆಳಗೆ ಕುಳಿತು ಕಾಯುವುದೋ ಎಂಬುದನ್ನು ತಾವೇ ನಿಶ್ಚಯಿಸಿಕೊಳ್ಳುತ್ತಾರೆ.

ಅನುವಾದಕ: ಹಾಗಾದರೆ ಮೊದಲನೆಯ ವಾಕ್ಯವನ್ನು ಈಗ ಹೀಗೆ ಓದಲೆ? “ನಾರ್ಮಂಡಿಯ ತೀರದಲ್ಲಿ, ಸಮುದ್ರವು ಕೆಲವು ದಿನ 14 ಮೀಟರಿನಷ್ಟು ಏರಿಳಿಯುವ ಕೊಲ್ಲಿಯ ನಡುವೆ, ಒಂದು ಬಂಡೆಯ ನೆತ್ತಿಯ ಮೇಲೆ ಸಾವಿರ ವರ್ಷಗಳಿಂದ ಬೆಳೆಯುತ್ತ ಬಂದ ಮಠವೇ ಮೋಂ ಸ್ಯಾಂ ಮಿಶೆಲ್. 966ರಲ್ಲಿ ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ಇಲ್ಲಿ ನೆಲಸಿದರು. 1979ರಲ್ಲಿ ಯುನೆಸ್ಕೊ ಈ ದ್ವೀಪವನ್ನೂ ಕೊಲ್ಲಿಯನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ದೊಡ್ಡ ಉಬ್ಬರದ ದಿನ ಕೆಲವು ಗಳಿಗೆ ಇದು ಪೂರ್ತಿಯಾಗಿ ದ್ವೀಪವಾಗುತ್ತದೆ. ಆ ನೋಟಕ್ಕೆಂದೇ ಒಂದು ದಿನವನ್ನು ಮೀಸಲಿಡಬಹುದು.”

ಹಿರಿಯರು: ಕೊನೆಯ ಮಾತು ನಿಮ್ಮದು?

ಅನುವಾದಕ: ಹೌದು. ಮೂಲದ ಒಂಬತ್ತಕ್ಕೆ ಬದಲಾಗಿ ಒಂದನ್ನು ಉಳಿಸಿದೆ.

ಹಿರಿಯರು: ಉಳಿಯಲಿ, ಪುಟಕ್ಕೊಂದು ಇರಬೇಕು. ಆದರೆ ದೊಡ್ಡ ಉಬ್ಬರದ ದಿನಗಳು ಯಾವುವೆಂಬ ಪಟ್ಟಿಯನ್ನು ಅದರ ಕೆಳಗೆ ಅಚ್ಚುಮಾಡದಿದ್ದರೆ ಆ ಒಂದೂ ಸುಳ್ಳಾಗುತ್ತದೆ. ಉಬ್ಬರದ ಬಲವನ್ನು ಅಲ್ಲಿ 20ರಿಂದ 120ರವರೆಗಿನ ಅಂಕಗಳಲ್ಲಿ ಗುರುತಿಸುತ್ತಾರೆ, 110 ದಾಟಿದ ದಿನಗಳನ್ನು ಆರಿಸಿ ಹಾಕಿ. ಮುಖಪುಟಕ್ಕೆ ಚಿತ್ರವೂ ಹೆಸರೂ ಸಾಕು. ಮೆಟ್ಟಿಲುಗಳ ಸಂಖ್ಯೆಯನ್ನೂ, ಮರಳಿಗೆ ಇಳಿಯಬಾರದೆಂಬ ವಾಕ್ಯವನ್ನೂ ದಪ್ಪ ಅಕ್ಷರದಲ್ಲಿ ಹಾಕಲು ಮುದ್ರಕರಿಗೆ ಹೇಳಿಬಿಡಿ.